ಹುಲ್ಲು ಅಲ್ಲಾಡಿದ್ದಕ್ಕೆ ಸಾವಿರಾರು ಫೋಟೋ: ಬೇಣದ ಅಂಚಿನ ಟ್ರೈಲ್ ಕ್ಯಾಮೆರಾದ ಒಂದು ಪ್ರಕರಣ

ಮೆಮೊರಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದಾಗ ಅದರಲ್ಲಿ 3,900 ಫೋಟೋ ಇದ್ದವು. ಒಂಬತ್ತೇ ದಿನಕ್ಕೆ. ತೋಟದ ಯಜಮಾನರು ಖುಷಿಯಿಂದ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ಹತ್ತು ನಿಮಿಷ ನೋಡಿದರು, ಆಮೇಲೆ ಎದ್ದು ಕವಳ ಹಾಕಲು ಹೋದರು. ಪರದೆ ಮೇಲೆ ಬರೀ ಹುಲ್ಲು. ಎಡಕ್ಕೆ ಬಾಗಿದ ಹುಲ್ಲು, ಬಲಕ್ಕೆ ಬಾಗಿದ ಹುಲ್ಲು, ನಡುವೆ ಎಲ್ಲೋ ಒಂದು ಕಾಡುಕೋಳಿ, ಮತ್ತೆ ಇನ್ನೂರು ಹುಲ್ಲು.

ಎದುರಿಗೆ ಪ್ರಾಣಿ ಹಾದರೆ ತಾನಾಗಿಯೇ ಫೋಟೋ ತೆಗೆಯುವ ಟ್ರೈಲ್ ಕ್ಯಾಮೆರಾ ಕಟ್ಟಿದವರಿಗೆಲ್ಲ ಈ ಅನುಭವ ಒಂದಲ್ಲ ಒಂದು ಸಲ ಆಗಿರುತ್ತದೆ. ಈ ಸಲ ನಾವು ಹೇಗೆ ತಪ್ಪು ದಾರಿ ಹಿಡಿದೆವು, ಆಮೇಲೆ ಹೇಗೆ ಸರಿ ಮಾಡಿದೆವು ಅನ್ನೋದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ. ಊರು, ಹೆಸರು, ಕ್ಯಾಮೆರಾ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಸಾಗರ–ಸಿರಸಿ ಸೀಮೆಯ ಒಂದು ಅಡಿಕೆ ತೋಟ ಅಂದುಕೊಳ್ಳಿ, ಸಾಕು.

ಹಿನ್ನೆಲೆ

ತೋಟದ ಮೇಲ್ಗಡೆ ಯಜಮಾನರದ್ದೇ ಒಂದು ಸಣ್ಣ ಬೇಣ, ಅಂದರೆ ಹುಲ್ಲುಗಾವಲು, ಇದೆ. ಅದರ ಆಚೆ ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನಬೆಟ್ಟ. ಬೇಣದ ಪಶ್ಚಿಮಕ್ಕೆ ಪಕ್ಕದವರ ಬೇಣ, ಅದರ ತುಂಬ ಎದೆಮಟ್ಟ ಕರಡದ ಹುಲ್ಲು. ನವೆಂಬರ್ ಕೊನೆಯಲ್ಲಿ ತೋಟದೊಳಗಿನ ಬಾಳೆಯ ಗೆಡ್ಡೆ ಅಗೆದು ಹಾಕುವುದು, ಹೊಸ ಅಡಿಕೆ ಸಸಿಯ ಬುಡ ಕಡಿಯುವುದು ಶುರುವಾಯಿತು. ಕೆಲಸಕ್ಕೆ ಬರುವವರು ಹಂದಿ ಅಂದರು. ಯಜಮಾನರ ಅಣ್ಣ ಮುಳ್ಳುಹಂದಿ ಅಂದರು. ಎರಡಕ್ಕೂ ಮಾಡಬೇಕಾದ್ದು ಬೇರೆ ಬೇರೆ. ಹಂದಿಯಾದರೆ ಬೇಲಿ ಗಟ್ಟಿ ಮಾಡಬೇಕು, ಮುಳ್ಳುಹಂದಿಯಾದರೆ ಸಸಿಯ ಬುಡಕ್ಕೆ ತಗಡು ಸುತ್ತಿ ನೋಡಬಹುದು. ಬೇಲಿಗೆ ದುಡ್ಡು ಸುರಿಯುವ ಮೊದಲು ಯಾರು ಬರುತ್ತಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಿದ್ದಾರೆ ಅಂತ ಗೊತ್ತಾಗಲಿ ಎಂದು ಕ್ಯಾಮೆರಾ ಕಟ್ಟಿದ್ದು.

ಕಟ್ಟಿದ್ದು ಅವರದ್ದೇ ಜಾಗದಲ್ಲಿ. ಅರಣ್ಯದೊಳಗೆ ಕಟ್ಟಬೇಕಾದರೆ ಇಲಾಖೆಯ ಅನುಮತಿ ಬೇಕು, ಅದನ್ನು ಸುಮ್ನೆ ಮರೆತುಬಿಡಬೇಡಿ.

ಮೊದಲ ಸಲ ಕಟ್ಟಿದ್ದು ಹೀಗೆ. ಬೇಣದಲ್ಲಿ ಪ್ರಾಣಿಗಳು ನಡೆದು ಸವೆದ ಒಂದು ಸಣ್ಣ ದಾರಿ ಇತ್ತು. ಅದರಿಂದ ಎರಡು ಮೀಟರ್ ದೂರದಲ್ಲಿ ತೋಳಿನಷ್ಟು ದಪ್ಪದ ಒಂದು ಮರ. ಅದಕ್ಕೆ ಸೊಂಟದ ಎತ್ತರದಲ್ಲಿ, ದಾರಿಗೆ ನೇರ ಅಡ್ಡವಾಗಿ, ಪಶ್ಚಿಮಕ್ಕೆ ಮುಖ ಮಾಡಿ ಕ್ಯಾಮೆರಾ ಬಿಗಿದೆವು. ಸೆನ್ಸಿಟಿವಿಟಿ ಹೈ, ಒಂದು ಸಲಕ್ಕೆ ಮೂರು ಫೋಟೋ, ಮುಂದಿನ ಟ್ರಿಗರ್‌ಗೆ ಐದು ಸೆಕೆಂಡ್ ಬಿಡುವು. ಹೈ ಇಟ್ಟರೆ ಏನೂ ತಪ್ಪಿಸಿಕೊಳ್ಳುವುದಿಲ್ಲ ಅನ್ನೋ ಲೆಕ್ಕ. ಆ ಲೆಕ್ಕ ನನ್ನದೇ.

3,900 ಫೋಟೋ ಅಂದರೆ 1,300 ಟ್ರಿಗರ್. ಅದರಲ್ಲಿ ಪ್ರಾಣಿ ಪಕ್ಷಿ ಕಂಡದ್ದು 38ರಲ್ಲಿ. ಹಂದಿ ಎರಡರಲ್ಲಿ, ಅದೂ ಬಾಲದ ಕಡೆಯಿಂದ. ಎಂಟು ಸೆಲ್ಲಿನ ಒಂದು ಸೆಟ್ ಒಂಬತ್ತು ದಿನಕ್ಕೇ ಅರ್ಧ ಖಾಲಿ.

ಮೊದಲು ಮಾಡಿದ್ದೆಲ್ಲ ತಪ್ಪು

ಮೊದಲ ಮದ್ದು ಎಲ್ಲರೂ ಮಾಡುವಂಥದ್ದೇ. ಸೆನ್ಸಿಟಿವಿಟಿಯನ್ನು ಹೈನಿಂದ ಸೀದಾ ಲೋಗೆ ಇಳಿಸಿದೆವು. ಏಳು ದಿನಕ್ಕೆ ಬರೀ 96 ಟ್ರಿಗರ್ ಬಂತು. ಖಾಲಿ ಫೋಟೋ ಗಣನೀಯವಾಗಿ ಇಳಿದಿತ್ತು, ನಾನು ಗೆದ್ದೆ ಅಂದುಕೊಂಡೆ. ಆದರೆ ಯಜಮಾನರು ದಿನಾ ಬೆಳಿಗ್ಗೆ ದಾರಿ ನೋಡಿಕೊಂಡು ಬರುತ್ತಿದ್ದರು. ಆ ಏಳು ದಿನದಲ್ಲಿ ನಾಲ್ಕು ದಿನ ಕ್ಯಾಮೆರಾದ ಎದುರಿನ ಹಸಿ ಮಣ್ಣಲ್ಲೇ ಗೊರಸಿನ ಗುರುತು ಇತ್ತು, ಕಾರ್ಡಿನಲ್ಲಿ ಆ ರಾತ್ರಿಯ ಫೋಟೋ ಒಂದೂ ಇರಲಿಲ್ಲ. ಮಣ್ಣು ನೋಡುವ ಅಭ್ಯಾಸ ಅವರಿಗೆ ಇಲ್ಲದಿದ್ದರೆ ನಾವು ‘ಪ್ರಾಣಿ ಬರುತ್ತಿಲ್ಲ’ ಎಂದೇ ತೀರ್ಮಾನ ಮಾಡಿಬಿಡುತ್ತಿದ್ದೆವು. ಖಾಲಿ ಫೋಟೋ ಕಡಿಮೆಯಾಯಿತು ಅಂದ ಮಾತ್ರಕ್ಕೆ ಕ್ಯಾಮೆರಾ ಸರಿಯಾಯಿತು ಅಂತಲ್ಲ, ಕುರುಡಾಗಿರಲೂಬಹುದು. ಕಾರ್ಡ್ ಮಾತ್ರ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಎರಡನೇ ಮದ್ದು: ಸೆನ್ಸಿಟಿವಿಟಿ ಮತ್ತೆ ಹೈ, ಆದರೆ ಟ್ರಿಗರ್ ನಡುವಿನ ಬಿಡುವು ಐದು ಸೆಕೆಂಡಿನಿಂದ ಒಂದು ನಿಮಿಷಕ್ಕೆ. ದಿನಕ್ಕೆ 140ರ ಆಸುಪಾಸು ಇದ್ದ ಟ್ರಿಗರ್ 90ಕ್ಕೆ ಬಂತು. ಅರ್ಧಕ್ಕೂ ಇಳಿಯಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಹುಲ್ಲು ಅಲ್ಲಾಡಿ ಒಂದು ಸಲ ಟ್ರಿಗರ್ ಆದರೆ ಮುಂದಿನ ಒಂದು ನಿಮಿಷ ಕ್ಯಾಮೆರಾ ಕಣ್ಣು ಮುಚ್ಚಿದ ಹಾಗೆಯೇ. ಆಗ ಎದುರಿಗೆ ಕಾಡುಕುರಿ ನಿಂತರೂ ಅದು ತೆಗೆಯುವುದಿಲ್ಲ. ರಾತ್ರಿ ಹಂದಿಗಳು ಸಾಲಾಗಿ ಹೋದರೆ ಮೊದಲನೆಯದು ಮಾತ್ರ ಸಿಗುತ್ತದೆ, ಹಿಂದಿನವು ಎಷ್ಟಿದ್ದವು ಅಂತ ತಿಳಿಯುವುದಿಲ್ಲ. ಬಿಡುವು ಜಾಸ್ತಿ ಮಾಡುವುದರಿಂದ ರೋಗ ಹೋಗುವುದಿಲ್ಲ, ಕಾರ್ಡ್ ತುಂಬುವುದು ಸ್ವಲ್ಪ ತಡವಾಗುತ್ತದೆ ಅಷ್ಟೆ.

ಈ ಹೊತ್ತಿಗೆ ಪರಿಚಯದ ಒಬ್ಬರು, ‘ನಿಮ್ಮ ಕ್ಯಾಮೆರಾ ನಿಧಾನ, ಟ್ರಿಗರ್ ಸ್ಪೀಡ್ 0.2 ಸೆಕೆಂಡ್ ಇರೋದು ತಗೊಳ್ಳಿ’ ಅಂದರು. ಸೆನ್ಸರ್ ಹಿಡಿದ ಮೇಲೆ ಫೋಟೋ ತೆಗೆಯಲು ಬೇಕಾಗುವ ಹೊತ್ತು ಅದು. ನಮ್ಮದರ ಪೆಟ್ಟಿಗೆ ಮೇಲೆ 0.7 ಎಂದಿತ್ತು. ಯಜಮಾನರು ದುಡ್ಡು ಕೊಡಲು ತಯಾರಿದ್ದರು. ನಾನೂ ಹೂಂ ಅನ್ನುವವನಿದ್ದೆ. ಆದರೆ ಒಂದು ಅನುಮಾನ ಬಂತು. ಹುಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ಕ್ಯಾಮೆರಾ ಎಷ್ಟು ಬೇಗ ತೆಗೆದರೂ ಹುಲ್ಲಿನ ಫೋಟೋ ಹುಲ್ಲಿನದ್ದೇ, ಇನ್ನೂ ಬೇಗ ಬರುತ್ತದೆ ಅಷ್ಟೆ, ಅಲ್ವಾ? ಹಾಗಾದರೆ ಸ್ಪೀಡಿಗೂ ಈ ಖಾಲಿ ಫೋಟೋಗೂ ಏನು ಸಂಬಂಧ?

ಖಾಲಿ ಫೋಟೋಗಳನ್ನೇ ನೋಡಲು ಕೂತಿದ್ದು

ಅಲ್ಲಿಯವರೆಗೆ ಖಾಲಿ ಫೋಟೋ ಬಂದರೆ ಅಳಿಸುವುದೇ ಕೆಲಸವಾಗಿತ್ತು. ಪುಣ್ಯಕ್ಕೆ ಮೊದಲ ಕಾರ್ಡಿನದ್ದು ಒಂದು ಕಾಪಿ ಉಳಿದಿತ್ತು. ಯಾವ ಗಂಟೆಯಲ್ಲಿ ಎಷ್ಟು ಫೋಟೋ ಅಂತ ಎಣಿಸಿದೆ. ಲಿನಕ್ಸ್ ಅಥವಾ ಮ್ಯಾಕ್ ಇರುವವರಿಗೆ ಎಕ್ಸಿಫ್‌ಟೂಲ್ ಅನ್ನೋ ಪ್ರೋಗ್ರಾಮಿನಲ್ಲಿ ಒಂದೇ ಸಾಲಿನ ಕೆಲಸ (ಫೋಲ್ಡರ್ ಹೆಸರು ನಿಮ್ಮ ಕಾರ್ಡಿನಲ್ಲಿ ಬೇರೆ ಇರಬಹುದು):

```
exiftool -q -d %H -p '$DateTimeOriginal' DCIM/100MEDIA | sort | uniq -c
```

ಇಲ್ಲದವರು ಫೋಟೋದ ಕೆಳಗಿನ ಪಟ್ಟಿಯಲ್ಲಿ ಇರುವ ಸಮಯ ನೋಡಿ ಕೈಯಲ್ಲೇ ಎಣಿಸಬಹುದು. ನೂರು ಫೋಟೋ ಎಣಿಸಿದರೂ ಸಾಕು, ಚಿತ್ರ ಸಿಗುತ್ತದೆ.

ನಮಗೆ ಸಿಕ್ಕಿದ್ದು ಇಷ್ಟು: ಖಾಲಿ ಫೋಟೋದಲ್ಲಿ ಬಹುಪಾಲು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯ ಒಳಗೆ. ಸಂಜೆ ಸೂರ್ಯ ಇಳಿದ ಮೇಲೆ ಸಟ್ಟನೆ ನಿಂತುಹೋಗುತ್ತವೆ. ರಾತ್ರಿ ಗಾಳಿ ಇರಲಿಲ್ವಾ? ಇತ್ತು. ಡಿಸೆಂಬರ್ ಮೂಡಗಾಳಿ ಬೆಳಗಿನ ಜಾವದಲ್ಲೂ ಬೀಸುತ್ತಿತ್ತು. ಆದರೆ ಆಗ ಹುಲ್ಲು ಅಲ್ಲಾಡಿದರೂ ಕ್ಯಾಮೆರಾ ಸುಮ್ಮನಿತ್ತು.

ಇದು ಯಾಕೆ ಹೀಗೆ ಅಂತ ಅರ್ಥವಾದರೆ ಮುಂದಿನದ್ದೆಲ್ಲ ಸುಲಭ. ಈ ಕ್ಯಾಮೆರಾದ ಸೆನ್ಸರ್ ಚಿತ್ರ ನೋಡುವುದಿಲ್ಲ, ಚಲನೆಯನ್ನೂ ನೇರವಾಗಿ ನೋಡುವುದಿಲ್ಲ. ಅದು ನೋಡುವುದು ಬಿಸಿಯ ವ್ಯತ್ಯಾಸವನ್ನು. ಮುಂದಿರುವ ಬಿಳಿ ಪ್ಲಾಸ್ಟಿಕ್ ಕಿಟಕಿ ಎದುರಿನ ಜಾಗವನ್ನು ಹೋಳು ಹೋಳಾಗಿ ಮಾಡಿ ಒಳಗಿನ ಸೆನ್ಸರಿನ ಮೇಲೆ ಬೀಳಿಸುತ್ತದೆ. ಹಿನ್ನೆಲೆಗಿಂತ ಬಿಸಿಯಾದ ಅಥವಾ ತಣ್ಣಗಿನ ಏನಾದರೂ ಒಂದು ಹೋಳಿನಿಂದ ಇನ್ನೊಂದಕ್ಕೆ ದಾಟಿದರೆ ಟ್ರಿಗರ್. ರಾತ್ರಿ ಹುಲ್ಲು, ಮಣ್ಣು ಎಲ್ಲ ಹೆಚ್ಚು ಕಡಿಮೆ ಒಂದೇ ಬಿಸಿ, ಹಾಗಾಗಿ ಎಷ್ಟು ಅಲ್ಲಾಡಿದರೂ ಸೆನ್ಸರಿಗೆ ಅದು ಇಲ್ಲದ ಹಾಗೆ. ಹಗಲು ಬಿಸಿಲಿಗೆ ಕಾದ ಒಣ ಹುಲ್ಲು ನೆರಳಿನ ಎದುರು ಆ ಕಡೆ ಈ ಕಡೆ ಓಲಾಡಿದರೆ, ಸೆನ್ಸರಿನ ಪಾಲಿಗೆ ಅದೊಂದು ಬಿಸಿ ಪ್ರಾಣಿ ನಡೆದಾಡಿದ ಹಾಗೆಯೇ. ಅದರಲ್ಲೂ ಕ್ಯಾಮೆರಾಕ್ಕೆ ಹತ್ತಿರದ ಹುಲ್ಲು. ಅರ್ಧ ಮೀಟರಿನಲ್ಲಿರುವ ಒಂದು ಎಸಳು ಸೆನ್ಸರಿಗೆ ಕಾಣುವಷ್ಟು ಅಗಲವಾಗಿ ಐದು ಮೀಟರ್ ಆಚೆಯ ಒಂದು ಹಿಡಿ ಹುಲ್ಲು ಕಾಣುತ್ತದೆ.

ನಮ್ಮ ಕ್ಯಾಮೆರಾ ಪಶ್ಚಿಮಕ್ಕೆ ಮುಖ ಮಾಡಿತ್ತು, ಮಧ್ಯಾಹ್ನದ ನಂತರ ಬಿಸಿಲು ಎದುರಿನಿಂದಲೇ. ಎದುರಿಗೆ ಪಕ್ಕದವರ ಎದೆಮಟ್ಟದ ಕರಡ. ಸಾಲದ್ದಕ್ಕೆ ತೋಳಿನಷ್ಟು ದಪ್ಪದ ಮರ ಗಾಳಿಗೆ ತಾನೇ ಓಲಾಡುತ್ತಿತ್ತು. ಮರ ಓಲಾಡಿದರೆ ಕ್ಯಾಮೆರಾವೂ ಓಲಾಡುತ್ತದೆ, ಆಗ ಕದಲದ ಕಲ್ಲೂ ಸೆನ್ಸರಿಗೆ ಕದಲಿದ ಹಾಗೆ. ಇದನ್ನು ಕಂಡುಹಿಡಿಯುವುದು ಸುಲಭ. ಖಾಲಿ ಫೋಟೋ ಮೂರನ್ನೂ ಒಂದರ ಮೇಲೊಂದು ಬೇಗ ಬೇಗ ತಿರುಗಿಸಿ ನೋಡಿ. ಹುಲ್ಲು ಮಾತ್ರ ಕುಣಿದರೆ ಹುಲ್ಲಿನ ತೊಂದರೆ. ಹಿಂದಿನ ಕಲ್ಲು, ಮರದ ಕಾಂಡ ಎಲ್ಲ ಸೇರಿ ಜರುಗಿದರೆ ಮರದ ತೊಂದರೆ. ನಮಗೆ ಎರಡೂ ಇತ್ತು.

ಲೋ ಇಟ್ಟಾಗ ಪ್ರಾಣಿ ತಪ್ಪಿದ್ದಕ್ಕೂ ಉತ್ತರ ಇದರಲ್ಲೇ ಇದೆ. ಮಧ್ಯಾಹ್ನ 31 ಡಿಗ್ರಿ ಇರುವಾಗ ಪ್ರಾಣಿಯ ಕೂದಲಿನ ಮೇಲ್ಮೈಗೂ ಸುತ್ತಲಿನ ನೆಲಕ್ಕೂ ಬಿಸಿಯಲ್ಲಿ ಅಂತರ ತೀರಾ ಕಡಿಮೆ. ಲೋದಲ್ಲಿ ಆ ಸಣ್ಣ ಅಂತರ ಲೆಕ್ಕಕ್ಕೇ ಬರುವುದಿಲ್ಲ. ರಾತ್ರಿ ಅಂತರ ಜಾಸ್ತಿ ಇರುತ್ತದೆ ನಿಜ, ಆದರೆ ಸೊಂಟದ ಎತ್ತರದಲ್ಲಿ ಕಟ್ಟಿದ್ದರಿಂದ ಎರಡೇ ಮೀಟರ್ ದೂರದ ಗಿಡ್ಡ ಪ್ರಾಣಿಗಳು ಸೆನ್ಸರಿನ ಕೆಳ ಅಂಚಿನಲ್ಲಿ ಹಾದುಹೋಗುತ್ತಿದ್ದವು. ಹೈನಲ್ಲಿ ಹೇಗೋ ಸಿಗುತ್ತಿದ್ದವು, ಲೋದಲ್ಲಿ ಇಲ್ಲ.

ಇನ್ನೊಂದು ಜಾತಿಯ ಖಾಲಿ ಫೋಟೋ

ಹಗಲಿನ ರಾಶಿ ಪಕ್ಕಕ್ಕಿಟ್ಟ ಮೇಲೆ ರಾತ್ರಿಯ ಖಾಲಿಗಳು ಒಂದಿಪ್ಪತ್ತು ಉಳಿದವು. ಇವು ಬೇರೆಯದೇ ಕಥೆ. ಗಾಳಿ ಇಲ್ಲ, ಹುಲ್ಲು ನೆಟ್ಟಗೆ ನಿಂತಿದೆ, ಆದರೂ ಟ್ರಿಗರ್. ಒಂದರಲ್ಲಿ ಬಲ ಅಂಚಿನ ಹುಲ್ಲು ಮಾತ್ರ ಬಾಗಿ ಮೂರನೇ ಫೋಟೋ ಹೊತ್ತಿಗೆ ನೆಟ್ಟಗಾಗಿತ್ತು. ಇನ್ನೊಂದರಲ್ಲಿ ಅಂಚಿನಲ್ಲಿ ಮಸುಕಾದ ಬಾಲ. ಅಂದರೆ ಪ್ರಾಣಿ ಬಂದಿದೆ, ಸೆನ್ಸರ್ ಹಿಡಿದಿದೆ, ಫೋಟೋ ತೆಗೆಯುವಷ್ಟರಲ್ಲಿ ಹೋಗಿಬಿಟ್ಟಿದೆ. ಟ್ರಿಗರ್ ಸ್ಪೀಡಿನ ಪ್ರಶ್ನೆ ಬರುವುದು ಇಲ್ಲಿ, ಹುಲ್ಲಿನ ಹತ್ತಿರ ಅಲ್ಲ.

ಲೆಕ್ಕ ಹಾಕಿ ನೋಡೋಣ. ನಮ್ಮ ಕ್ಯಾಮೆರಾದ ಲೆನ್ಸಿಗೆ ಸುಮಾರು 50 ಡಿಗ್ರಿ ಅಗಲ. ಎರಡು ಮೀಟರ್ ದೂರದಲ್ಲಿ ಅದು ಹಿಡಿಯುವ ಜಾಗ ಎರಡು ಮೀಟರಿಗಿಂತ ಸ್ವಲ್ಪ ಕಡಿಮೆ. ಪ್ರಾಣಿ ನಡು ಭಾಗಕ್ಕೆ ಬಂದಾಗ ಟ್ರಿಗರ್ ಆಯಿತು ಅಂದುಕೊಂಡರೆ ಚೌಕಟ್ಟಿನಿಂದ ಹೊರಬೀಳಲು ಉಳಿದದ್ದು ಒಂದು ಮೀಟರ್ ಮಾತ್ರ. ಹಂದಿ ಕುಕ್ಕೋಟದಲ್ಲಿ ಸೆಕೆಂಡಿಗೆ ಎರಡೂವರೆ ಮೀಟರ್ ಹೋದರೆ 0.7 ಸೆಕೆಂಡಿನಲ್ಲಿ 1.75 ಮೀಟರ್ ದಾಟುತ್ತದೆ. ಫೋಟೋದಲ್ಲಿ ಏನಿರುತ್ತದೆ? ಬಾಲ ಇದ್ದರೆ ಅದೃಷ್ಟ. ಅದೇ ಕ್ಯಾಮೆರಾವನ್ನು ನಾಲ್ಕು ಮೀಟರ್ ದೂರ ಇಟ್ಟರೆ ಅಗಲ 3.7 ಮೀಟರ್ ಆಗುತ್ತದೆ, ನಡುವಿನಿಂದ ಅಂಚಿಗೆ 1.85. ಹಂದಿ ಇನ್ನೂ ಒಳಗೇ ಇರುತ್ತದೆ. ದಾರಿಗೆ ನೇರ ಅಡ್ಡ ಇಡದೆ ಓರೆಯಾಗಿ ಇಟ್ಟರೆ ಅದು ಚೌಕಟ್ಟಿನೊಳಗೆ ಇನ್ನೂ ಹೆಚ್ಚು ಹೊತ್ತು ಇರುತ್ತದೆ.

0.2 ಸೆಕೆಂಡಿನ ಕ್ಯಾಮೆರಾ ಕೊಳ್ಳುವ ಮಾತು ಅಲ್ಲಿಗೆ ಬಿಟ್ಟೆವು. ಎರಡು ಮೀಟರ್ ಹಿಂದೆ ಸರಿಯುವುದಕ್ಕೆ ದುಡ್ಡು ಬೇಡ.

ಜಾಗ ಬದಲಿಸಿದ್ದು

ಹತ್ತು ಹೆಜ್ಜೆ ಕೆಳಗೆ ದಾರಿ ತೋಟದ ಕಡೆ ತಿರುಗುತ್ತದೆ. ಅಲ್ಲಿ ಒಂದು ಕಡೆ ದಪ್ಪ ಕಾಂಡದ ಮರ, ಎದುರು ಹಲಸಿನ ಮರದ ನೆರಳಿನಲ್ಲಿ ಆಳೆತ್ತರದ ಮಣ್ಣಿನ ದರೆ. ಕ್ಯಾಮೆರಾ ಉತ್ತರಕ್ಕೆ ಮುಖ ಮಾಡಿ ದರೆಯನ್ನು ನೋಡುವ ಹಾಗೆ, ದಾರಿಯಿಂದ ನಾಲ್ಕು ಮೀಟರ್ ದೂರ, ನೆಲದಿಂದ 45 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಿದೆವು. ಚಳಿಗಾಲದಲ್ಲಿ ಸೂರ್ಯ ನಮಗೆ ದಕ್ಷಿಣದ ಕಡೆ ಇರುವುದರಿಂದ ಉತ್ತರಕ್ಕೆ ಮುಖ ಮಾಡಿದ ಕ್ಯಾಮೆರಾಕ್ಕೆ ಬಿಸಿಲು ಬೆನ್ನಿಗೆ ಬೀಳುತ್ತದೆ. ದರೆಯಿಂದ ಇನ್ನೊಂದು ಲಾಭ: ಸೆನ್ಸರ್ ಅದರಾಚೆ ಏನನ್ನೂ ನೋಡಲಾರದು. ಹಿನ್ನೆಲೆ ಬಯಲಾಗಿದ್ದರೆ ಇಪ್ಪತ್ತು ಮೀಟರ್ ಆಚೆಯ ಪೊದೆಯೂ ಲೆಕ್ಕಕ್ಕೆ ಬರುತ್ತದೆ.

ಹುಲ್ಲು ಕತ್ತರಿಸುವುದರಲ್ಲೂ ಒಂದು ಕ್ರಮ ಇದೆ. ಲೆನ್ಸಿನ ಎದುರು ಒಂದು ಮೊಳ ಜಾಗ ಮಾಡಿ ಮುಗಿಸಿದರೆ ಆಗುವುದಿಲ್ಲ. ಬೀಸಣಿಗೆ ಬಿಚ್ಚಿದ ಆಕಾರದಲ್ಲಿ, ಕ್ಯಾಮೆರಾದ ಬುಡದಿಂದ ದರೆಯವರೆಗೂ ಕತ್ತಿಯಲ್ಲಿ ನೆಲಮಟ್ಟ ಸವರಿದೆವು. ಮೊಣಕಾಲೆತ್ತರ ಬಿಟ್ಟರೆ 45 ಸೆಂಟಿಮೀಟರಿನ ಸೆನ್ಸರಿಗೆ ಅದು ಸರಿಯಾಗಿ ಕಣ್ಣ ಮುಂದೆಯೇ ಬರುತ್ತದೆ. ಹತ್ತಿರದ ಎಸಳಿಗೆ ರಾತ್ರಿ ಫ್ಲ್ಯಾಶ್ ಬಡಿದು ಬೆಳ್ಳಗಾಗಿ ಹಿಂದಿನ ಪ್ರಾಣಿ ಕಪ್ಪಾಗುವ ಕಾಟವೂ ಇದರಿಂದ ತಪ್ಪಿತು.

ಎಡಗಡೆ ಮಾತ್ರ ಸಿಕ್ಕಿಬಿದ್ದೆವು. ಬೀಸಣಿಗೆಯ ಎಡ ಅಂಚು ಪಕ್ಕದವರ ಬೇಣಕ್ಕೆ ತಾಗುತ್ತಿತ್ತು. ಕೇಳಿದರೆ, ‘ಕರಡ ಕೊಯ್ಯೋದು ಜನವರಿಗೆ, ಈಗ ಮುಟ್ಟಬೇಡಿ ಮಾರಾಯ್ರೇ’ ಅಂದರು. ತಪ್ಪೇನಿಲ್ಲ, ಅವರ ಹುಲ್ಲು ಅವರಿಗೆ ಬೇಕು. ಹಾಗಾಗಿ ಸೆನ್ಸರಿನ ಕಿಟಕಿಯ ಎಡಗಡೆಯ ಮೂರನೇ ಒಂದು ಭಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದೆವು. ಲೆನ್ಸಿಗಲ್ಲ, ಸೆನ್ಸರಿನ ಬಿಳಿ ಕಿಟಕಿಗೆ. ನಮ್ಮದರಲ್ಲಿ ಕಿಟಕಿ ಉಬ್ಬಿದ ಆಕಾರದ್ದು, ಎಡಭಾಗ ಎಡಕ್ಕೆ ನೋಡುತ್ತದೆ. ಚಪ್ಪಟೆ ಕಿಟಕಿ ಇದ್ದರೆ ಇಷ್ಟು ಸರಿಯಾಗಿ ಕೆಲಸ ಮಾಡುತ್ತದೆ ಅಂತ ನಂಬಿಕೊಳ್ಳಬೇಡಿ, ಪರೀಕ್ಷೆ ಮಾಡಿಯೇ ನೋಡಿ.

ಪರೀಕ್ಷೆಗೆ ಟೆಸ್ಟ್ ಮೋಡ್ ಇದ್ದೇ ಇದೆ. ಏನಾದರೂ ದಾಟಿದರೆ ಮುಂದಿನ ಸಣ್ಣ ದೀಪ ಮಿನುಗುತ್ತದೆ. ಎಲ್ಲರೂ ಮಾಡುವುದು ಎದುರಿಗೆ ನಡೆದು ನೋಡುವುದು. ನಾವು ಉಲ್ಟಾ ಮಾಡಿದೆವು. ಮಧ್ಯಾಹ್ನ ಎರಡು ಗಂಟೆ, ಒಳ್ಳೆ ಬಿಸಿಲು, ಒಳ್ಳೆ ಗಾಳಿ ಇರುವಾಗ ಸೆನ್ಸರಿನ ವ್ಯಾಪ್ತಿಯಿಂದ ಹೊರಗೆ, ಪಕ್ಕದಲ್ಲಿ ದೀಪ ಕಾಣುವ ಹಾಗೆ ಕೂತು ಕಾದೆವು. ಯಾರೂ ದಾಟದೆ ದೀಪ ಮಿನುಗಿದರೆ ಏನೋ ಅಲ್ಲಾಡುತ್ತಿದೆ ಅಂತ. ಹತ್ತು ನಿಮಿಷದಲ್ಲಿ ಆರು ಸಲ ಮಿನುಗಿತು. ಪ್ರತಿ ಸಲವೂ ಗಾಳಿ ಬೀಸಿದಾಗಲೇ. ಹುಡುಕಿದರೆ ದರೆಯ ತಲೆಯಿಂದ ಇಳಿಬಿದ್ದ ಒಂದು ಹಿಡಿ ಒಣ ಬಳ್ಳಿ, ಅದರ ಮೇಲೆ ಮಾತ್ರ ಎಲೆಗಳ ಸಂದಿನಿಂದ ಒಂದು ಅಂಗೈಯಗಲ ಬಿಸಿಲು ಬೀಳುತ್ತಿತ್ತು. ಕಿತ್ತು ಬಿಸಾಕಿದೆವು. ಮತ್ತೆ ಹತ್ತು ನಿಮಿಷ ಕೂತರೆ ಒಂದೂ ಇಲ್ಲ. ಆಮೇಲೆ ಯಜಮಾನರ ಮಗ ನಾಲ್ಕು ಕಾಲಿನಲ್ಲಿ ದಾರಿಗುಂಟ ಹೋದ, ಸರಿಯಾಗಿ ಮಿನುಗಿತು.

ಸೆಟ್ಟಿಂಗ್ ಮುಟ್ಟಿದ್ದು ಇಷ್ಟೆಲ್ಲ ಆದ ಮೇಲೆ. ಸೆನ್ಸಿಟಿವಿಟಿ ಮೀಡಿಯಮ್, ಮೂರು ಫೋಟೋ, ಬಿಡುವು ಹತ್ತು ಸೆಕೆಂಡ್. ರಾತ್ರಿ ಮಾತ್ರ ಕೆಲಸ ಮಾಡುವ ಹಾಗೆ ಗಂಟೆ ಇಟ್ಟುಬಿಡೋಣ, ಹಗಲಿನ ಕಾಟವೇ ಇರುವುದಿಲ್ಲ ಎಂದು ಯಜಮಾನರು ಹೇಳಿದ್ದರು. ಬರೀ ಹಂದಿ ಬೇಕಿದ್ದರೆ ಅದೇ ಎಲ್ಲಕ್ಕಿಂತ ಸುಲಭ. ಆದರೆ ಸಸಿ ಕಡಿಯುವುದು ರಾತ್ರಿಯೇ ಅಂತ ನಮಗೆ ಇನ್ನೂ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಮೊದಲೇ ತೀರ್ಮಾನ ಮಾಡಿ ಕ್ಯಾಮೆರಾಕ್ಕೆ ಹೇಳುವುದು ಬೇಡ ಎಂದು ಬಿಟ್ಟೆವು.

ಏನಾಯಿತು

ಹದಿನಾಲ್ಕು ದಿನಕ್ಕೆ 118 ಟ್ರಿಗರ್. ಖಾಲಿ 31. ಉಳಿದದ್ದರಲ್ಲಿ ಪ್ರಾಣಿ, ಪಕ್ಷಿ, ದಾರಿ ತಪ್ಪಿದ ಒಂದು ದನ, ಮತ್ತು ಕತ್ತಿ ಹಿಡಿದ ನಾವೇ. ಬೆಳಿಗ್ಗೆ ಏಳರ ಸುಮಾರಿಗೆ ಕಾಡುಕುರಿ ನಾಲ್ಕು ಸಲ ಬಂದಿತ್ತು. ರಾತ್ರಿ ಮಾತ್ರ ಇಟ್ಟಿದ್ದರೆ ಅದು ಸಿಗುತ್ತಿರಲಿಲ್ಲ. ಮುಳ್ಳುಹಂದಿ ಮೂರು ರಾತ್ರಿ, ಹಂದಿ ಐದು ರಾತ್ರಿ. ಮುಳ್ಳುಹಂದಿ ಬಂದ ಮರುದಿನ ಸಸಿಯ ಬುಡ ಕಡಿದಿತ್ತು, ಹಂದಿ ಬಂದ ಮರುದಿನ ಬಾಳೆ ಅಗೆದಿತ್ತು. ಕೆಲಸದವರೂ ಗೆದ್ದರು, ಅಣ್ಣನೂ ಗೆದ್ದರು. ಬೆಳಗಿನ ಮಣ್ಣಿನ ಗುರುತಿಗೂ ಕಾರ್ಡಿಗೂ ಈ ಸಲ ಒಂದು ದಿನ ಮಾತ್ರ ತಾಳೆ ಆಗಲಿಲ್ಲ. ಖಾಲಿ ಎಷ್ಟು ಅನ್ನೋದಕ್ಕಿಂತ ನನಗೆ ಸಮಾಧಾನ ಕೊಟ್ಟಿದ್ದು ಈ ತಾಳೆ.

ಉಳಿದ 31 ಖಾಲಿಗಳ ಹಿಂದೆ ಹೋಗಲಿಲ್ಲ. ಅದನ್ನು ಸೊನ್ನೆ ಮಾಡಲು ಹೊರಟರೆ ಮತ್ತೆ ಲೋಗೆ ಇಳಿಯಬೇಕಾಗುತ್ತದೆ, ಕಾಡುಕುರಿ ಕಳೆದುಕೊಳ್ಳಬೇಕಾಗುತ್ತದೆ. ದಿನಕ್ಕೆ ಎರಡು ಮೂರು ಖಾಲಿ ಬಂದರೆ ಬರಲಿ.

ಸಸಿಗಳಿಗೆ ತಗಡು ಸುತ್ತಿದರು. ಹಂದಿಗೆ ಸೊಪ್ಪಿನಬೆಟ್ಟದ ಕಡೆಯ ಅಂಚಿನಲ್ಲಿ ಕಂಬ ಹುಗಿದು ಬೇಲಿ ಎಳೆದರು. ಹಂದಿ ಬೆಟ್ಟದಿಂದಲೇ ಇಳಿಯುವುದು ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ಫೋಟೋದಲ್ಲೂ ಅವು ಯಾವಾಗಲೂ ಚೌಕಟ್ಟಿನ ನಡುವೆ, ತೋಟದ ಕಡೆ ಮುಖ ಮಾಡಿಯೇ ಇರುತ್ತಿದ್ದವು.

ಜನವರಿ ಎರಡನೇ ವಾರ ಪಕ್ಕದವರು ಕರಡ ಕೊಯ್ದರು. ಎಡಗಡೆ ಅಲ್ಲಾಡುವಂಥದ್ದು ಏನೂ ಉಳಿಯಲಿಲ್ಲ ಅಂತ ನಾನು ಹೋಗಿ ಟೇಪ್ ಕಿತ್ತೆ, ಉಳಿದದ್ದೆಲ್ಲ ಹಾಗೇ ಬಿಟ್ಟೆ. ಮೂರನೇ ರಾತ್ರಿ 1:40ಕ್ಕೆ ಹಂದಿ ಬಂತು. ಟೇಪ್ ಇದ್ದಾಗ ಅವು ನಡುವಿಗೆ ಬಂದ ಮೇಲೆಯೇ ಟ್ರಿಗರ್ ಆಗುತ್ತಿದ್ದದ್ದು, ಈಗ ಮೊದಲ ಫೋಟೋದಲ್ಲೇ ಎಡ ಅಂಚಿನಲ್ಲಿ ಸಾಲಾಗಿ ಮೂರು. ಕರಡ ಕೊಯ್ದ ಬಯಲು ದಾಟಿ, ಕೆಳಗಿನ ಹಳ್ಳದ ಕಡೆಯಿಂದ ನೆಟ್ಟಗೆ ಬರುತ್ತಿವೆ. ಯಜಮಾನರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

‘ನಾವು ಕಂಬ ಹುಗಿದದ್ದು ಬೆಟ್ಟದ ಕಡೆಗಲ್ವಾ ಮಾರಾಯ್ರೇ?’ ಅಂದರು.